ಆರಾಮ ಅಂದ ಗೋದಾವರಿ

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ನಾನು ಹೇಳದಿದ್ದರೂ ಅಂಕೋಲೆಯ ಬಸ್ ಸ್ಟ್ಯಾಂಡಿನ ಸುತ್ತ ಯಾರನ್ನು ಕೇಳಿದರೂ ಹೇಳುತ್ತಾರೆ. ವೈಜಯಂತಿಯ ಜೆರಾಕ್ಸ್ ಅಂಗಡಿಯಲ್ಲಿ ಕಾಗದ ಚೆನ್ನಾಗಿ ಬರುತ್ತದೆ, ಬೈಗುಳ ಪುಕ್ಕಟೆ ಅಂತ. ಹದಿನೇಳು ವರ್ಷದಿಂದ ಊರಿನವರ ಅರ್ಜಿ ತುಂಬುತ್ತ ಕೂತಿದ್ದೇನೆ. ರೇಷನ್ ಕಾರ್ಡು, ಪಹಣಿ, ಪಾಸ್‌ಪೋರ್ಟು, ಎಲ್ಲ. ಹುಟ್ಟಿದ ತಾರೀಕು ಕೇಳಿದರೆ "ಆ ವರ್ಷ ದೊಡ್ಡ ಗಾಳಿ ಬಂದಿತ್ತಲ್ಲ, ಆವಾಗ" ಅನ್ನುವವರ ಜೊತೆ ಹದಿನೇಳು ವರ್ಷ ಕಳೆದರೆ ದೇವರಿಗೂ ಸಿಟ್ಟು ಬರುತ್ತದೆ.

ಗೋದಾವರಿಯ ಮೇಲೆ ಮಾತ್ರ ನನ್ನ ಸಿಟ್ಟು ನಡೆಯುತ್ತಿರಲಿಲ್ಲ. ಅವಳು ಬೊಬ್ರುವಾಡದವಳು, ಮೀನು ಮಾರುವವಳು. ಬೆಳಿಗ್ಗೆ ಬುಟ್ಟಿ ಇಳಿಸಿ ನನ್ನ ಅಂಗಡಿಯ ಎದುರಿಗೇ ಕೂರುತ್ತಿದ್ದಳು. ಪಕ್ಕದಲ್ಲಿ ಸೊಪ್ಪು, ಬಸಳೆ ಇಟ್ಟುಕೊಂಡು ಹಾಲಕ್ಕಿ ಒಕ್ಕಲಿಗರ ಬೊಮ್ಮು. ಬೊಮ್ಮು ದಿನಾ ಬೆಳಿಗ್ಗೆ ಕೇಳುವುದು ಒಂದೇ, "ಗೋದಕ್ಕಾ, ಆರಾಮಾ?" ಗೋದಾವರಿ ಹೇಳುವುದೂ ಒಂದೇ, "ಆರಾಮ."

ಜ್ವರದಲ್ಲಿ ಮೈ ಕೆಂಡವಾಗಿದ್ದರೂ ಆರಾಮ. ಒಂದು ಸಲ ಮೀನಿನ ಮುಳ್ಳು ಹೊಕ್ಕು ಹೆಬ್ಬೆರಳು ಬದನೆಕಾಯಿಯ ಹಾಗೆ ಊದಿಕೊಂಡಿತ್ತು, ಅವತ್ತೂ ಆರಾಮ. "ಎಂತ ಆರಾಮವೇ ನಿಂದು? ಬೆರಳು ಕೊಳೆತು ಬೀಳ್ತದೆ, ಆಸ್ಪತ್ರೆಗೆ ನಡಿ" ಅಂತ ನಾನೇ ಎಳೆದುಕೊಂಡು ಹೋಗಿದ್ದೆ. ಡಾಕ್ಟರ್ ನೋವಿದೆಯಾ ಅಂತ ಕೇಳಿದರು. ಅಲ್ಲಿಯೂ ಆರಾಮ ಅಂದಳು ಮಾರಾಯ್ತಿ!

ಯಾಕೆ ಹೀಗೆ ಅಂತ ಕೇಳಿದವಳು ನಾನೊಬ್ಬಳೇ ಇರಬೇಕು. ಒಂದು ಮಳೆಗಾಲದ ಮಧ್ಯಾಹ್ನ, ಗಿರಾಕಿಗಳಿಲ್ಲದ ಹೊತ್ತಿನಲ್ಲಿ ಹೇಳಿದಳು. ಅವಳಿಗೆ ಆಗ ಹದಿನಾಲ್ಕು ವರ್ಷ. ತಾಯಿ ಇವಳ ತಮ್ಮ ಕಿಶನನನ್ನು ಹೆತ್ತು ಬಾಣಂತನದಲ್ಲೇ ಹೋಗಿಬಿಟ್ಟಿದ್ದಳು. ಅಪ್ಪ ತುಳಸಿದಾಸ ದೋಣಿಯಲ್ಲಿ ಹೋದವನು ಸಂಜೆಯಾದರೂ ಬಂದಿರಲಿಲ್ಲ. ಎಂಟು ತಿಂಗಳ ಕಿಶನನನ್ನು ಸೊಂಟದ ಮೇಲೆ ಕೂರಿಸಿಕೊಂಡು ಇವಳು ದಂಡೆಯಲ್ಲಿ ನಿಂತಿದ್ದಾಗ ಯಾರೋ ಕೇಳಿದರು, "ಅಪ್ಪ ಬಂದ್ನನೇ?" ಕತ್ತಲಾಗುತ್ತ ಬಂದಿತ್ತು, ಮಗು ಅಳುತ್ತಿತ್ತು, ಹುಡುಗಿಗೆ ಬೇಸರ ಬಂದಿತ್ತು. "ಇನ್ನು ಬರೂದಿಲ್ಲ" ಅಂದಳು. ಇವತ್ತು ಇನ್ನು ಬರುವುದಿಲ್ಲ, ನಾಳೆ ಬೆಳಿಗ್ಗೆ ಬರುತ್ತಾನೆ ಅಂತ ಅದರ ಅರ್ಥ.

ಅಪ್ಪ ಮತ್ತೆ ಬರಲೇ ಇಲ್ಲ. ಅಜ್ಜಿ ಆ ಮಾತನ್ನು ಮರೆಯಲಿಲ್ಲ. ಸಮುದ್ರದಲ್ಲಿ ಇರುವವರ ಬಗ್ಗೆ ಕೆಟ್ಟ ಮಾತನ್ನು ಬಾಯಿಗೆ ತರಬಾರದು, ನೀನು ತಂದುಬಿಟ್ಟೆ, ಅಂತ ಸಾಯುವವರೆಗೂ ಹೇಳಿದಳಂತೆ. "ಬಾಯಿಂದ ಬಿದ್ದದ್ದು ಆಗ್ತದೆ, ವೈಜಯಂತಿ ಬಾಯೀ" ಅಂದಳು ಗೋದಾವರಿ ನನಗೆ. ನಾನು ಬೈದೆ. ಹದಿನಾಲ್ಕು ವರ್ಷದ ಹುಡುಗಿಯ ಮಾತಿಗೆ ದೋಣಿ ಮುಳುಗುವುದಾದರೆ ನನ್ನ ಮಾತಿಗೆ ಈ ಅಂಕೋಲೆಯೇ ಮುಳುಗಬೇಕಿತ್ತು ಅಂದೆ. ನಕ್ಕಳು. ನಕ್ಕರೂ ನಂಬಲಿಲ್ಲ.

ಕಿಶನನನ್ನು ಸಾಕಿದ್ದು ಅವಳೇ. ಮದುವೆಗೆ ಎರಡು ಕಡೆಯಿಂದ ಕೇಳಿದ್ದರಂತೆ, ತಮ್ಮನನ್ನು ಕರೆದುಕೊಂಡು ಬರುವುದು ಬೇಡ ಅಂದದ್ದಕ್ಕೆ ಇವಳೇ ಬೇಡ ಅಂದಳಂತೆ. ಹುಡುಗ ದೊಡ್ಡವನಾಗಿ ಮಸ್ಕತ್ತಿಗೆ ಹೋದ, ಬಂದರಿನಲ್ಲಿ ಹಡಗು ಎಳೆಯುವ ಟಗ್ ಬೋಟಿನ ಕೆಲಸಕ್ಕೆ. ಮೊದಲ ಸಂಬಳದಲ್ಲಿ ಅಕ್ಕನಿಗೆ ಪಾಸ್‌ಪೋರ್ಟ್ ಮಾಡಿಸಿ ಅಂತ ನನಗೇ ಫೋನು ಮಾಡಿದ್ದ. "ವೈಜಯಂತಿ ಬಾಯಿ, ಅಕ್ಕ ಇಲ್ಲೀವರೆಗೆ ಗೋಕರ್ಣ ದಾಟಿ ಹೋದವಳಲ್ಲ. ಒಂದ್ ಸಲ ಇಮಾನ ಹತ್ತಿಸ್ಬೇಕು." ಮಾಡಿಸಿದೆವು. ಪ್ರತಿ ವರ್ಷ ಅವನು ಬಾ ಅನ್ನುವುದು, ಇವಳು "ಬರ್ತೆ ಮಾರಾಯಾ, ಈ ಮಳೆಗಾಲ ಒಂದು ಮುಗೀಲಿ" ಅನ್ನುವುದು. ಹತ್ತು ಮಳೆಗಾಲ ಮುಗಿದವು. ಒಂದು ಮುದ್ರೆಯೂ ಬೀಳದೆ ಪಾಸ್‌ಪೋರ್ಟಿನ ಅವಧಿಯೇ ತೀರಿಹೋಯಿತು.

ಕಳೆದ ವರ್ಷ ಒಂದು ತಿಂಗಳ ಎರಡನೇ ತಾರೀಕು ಕಿಶನ ಮತ್ತೆ ಫೋನು ಮಾಡಿ ಹಟ ಹಿಡಿದ. ಹಳೆಯದನ್ನು ಮತ್ತೆ ಮಾಡಿಸಲು ನಾನು ಆನ್‌ಲೈನ್ ಅರ್ಜಿ ಹಾಕಿದೆ. ಕಾರವಾರದ ಪಾಸ್‌ಪೋರ್ಟ್ ಕಚೇರಿಯಲ್ಲಿ ಸಿಕ್ಕಿದ್ದು ಮೂವತ್ತನೇ ತಾರೀಕು, ಹನ್ನೊಂದೂ ಕಾಲು ಗಂಟೆ. "ಸಾಕಲ್ಲ, ಅವಸರ ಎಂತದು?" ಅಂದಳು ಗೋದಾವರಿ. ನಾನೂ ಸಾಕು ಅಂದೆ.

ನಾಲ್ಕನೇ ತಾರೀಕು ಮಸ್ಕತ್ತಿನಿಂದ ಆಶಿಷನ ಫೋನು ಬಂತು. ಅವನು ಹಟ್ಟಿಕೇರಿಯ ಹುಡುಗ, ಕಿಶನನ ಜೊತೆ ಅದೇ ಬೋಟಿನಲ್ಲಿದ್ದವನು. ಎಳೆಯುವ ಹಗ್ಗ ತುಂಡಾಗಿ ಕಿಶನನ ತಲೆಗೆ ಹೊಡೆದಿತ್ತು. ಅಕ್ಕನಿಗೆ ಹೇಳುವ ಧೈರ್ಯವಿಲ್ಲದೆ ನನಗೆ ಹೇಳಿದ. ಆಸ್ಪತ್ರೆಯವರು ಕೊಟ್ಟ ಪತ್ರವನ್ನು ಮೊಬೈಲಿಗೆ ಕಳಿಸಿದ. ಇಂಗ್ಲಿಷಿನಲ್ಲಿ ಸ್ಪಷ್ಟವಾಗಿತ್ತು. ರೋಗಿಯ ಸ್ಥಿತಿ ಗಂಭೀರ, ಉಸಿರಾಟ ಯಂತ್ರದ ಮೇಲಿದೆ, ಹತ್ತಿರದ ಸಂಬಂಧಿಕರು ಕೂಡಲೇ ಬರುವುದು ಒಳ್ಳೆಯದು. ಕೆಳಗೆ ಸಹಿ, ಮೊಹರು. ವೀಸಾ ಮತ್ತು ಟಿಕೆಟ್ ಕಂಪನಿಯವರು ಎರಡು ದಿನದಲ್ಲಿ ಮಾಡಿಕೊಡುತ್ತಾರೆ, ಪಾಸ್‌ಪೋರ್ಟ್ ಒಂದು ಬೇಕು ಅಂದ ಆಶಿಷ.

ಪತ್ರ ಪ್ರಿಂಟ್ ತೆಗೆದು ಗೋದಾವರಿಯನ್ನು ಒಳಗೆ ಕರೆದೆ. ಮೊದಲ ಸಾಲು ಕನ್ನಡದಲ್ಲಿ ಹೇಳುವಷ್ಟರಲ್ಲಿ ನನ್ನ ಬಾಯಿಗೆ ಕೈ ಅಡ್ಡ ಹಿಡಿದಳು. ಕೈಯಲ್ಲಿ ಬಂಗಡೆಯ ವಾಸನೆ. "ಓದಬೇಡ. ಅಂವ ಆರಾಮ ಆಗ್ತಾನೆ. ನಾನು ಹೋಗ್ಬೇಕು, ಅಷ್ಟೇ ಅಲ್ಲಾ? ಅಷ್ಟು ಹೇಳು ಸಾಕು."

ಕಂಪ್ಯೂಟರಿನಲ್ಲಿ ತಾರೀಕು ಹಿಂದಕ್ಕೆ ತರಲು ನೋಡಿದೆ. ಮೂವತ್ತರ ನಂತರದ ದಿನಗಳನ್ನಷ್ಟೇ ತೋರಿಸಿತು. ಅದಕ್ಕೆ ಮರುದಿನ ಬೆಳಿಗ್ಗೆ ಅಂಗಡಿಗೆ ಬೀಗ ಹಾಕಿ ಇಬ್ಬರೂ ಕಾರವಾರದ ಬಸ್ಸು ಹತ್ತಿದೆವು. ಬಾಯಲ್ಲಿ ಕೇಳಿದರೆ ಆಗದ್ದಿಲ್ಲ ಅನ್ನುವುದು ನನ್ನ ನಂಬಿಕೆ. ಫೈಲಿನಲ್ಲಿ ಎಲ್ಲ ಜೋಡಿಸಿದ್ದೆ. ಹಳೆಯ ಪಾಸ್‌ಪೋರ್ಟು, ಆಧಾರ್, ಅರ್ಜಿಯ ನಂಬರು, ಕಿಶನನ ವೀಸಾದ ಪ್ರತಿ, ಇವಳು ಅಕ್ಕ ಅನ್ನುವುದಕ್ಕೆ ರೇಷನ್ ಕಾರ್ಡು. ಎಲ್ಲದರ ಮೇಲೆ ಆ ಪತ್ರ.

ಬಸ್ಸಿನಲ್ಲಿ ಪಾಠ ಹೇಳಿಕೊಟ್ಟೆ. "ನೋಡು, ಸರ್ಕಾರಿ ಆಫೀಸು. ಅವರು ಕೇಳಿದ್ದಕ್ಕಷ್ಟೇ ಉತ್ತರ ಕೊಡು. ಹೆಚ್ಚು ಮಾತಾಡಬೇಡ. ಫೈಲು ಕೊಡು, ಪತ್ರ ತೋರಿಸು, ತಾರೀಕು ಮುಂಚೆ ಆಗ್ತದಾ ಕೇಳು. ಮುಗೀತು." ಅವಳು ತಲೆಯಾಡಿಸಿದಳು. ಬಲಗೈ ಮಾತ್ರ ಫೈಲಿನ ಮೇಲೆಯೇ ಇತ್ತು. ಕಿಟಕಿಯಲ್ಲಿ ಸಮುದ್ರ ಬಂದಾಗಲೆಲ್ಲ ಅವಳು ಆ ಕಡೆ ನೋಡಲಿಲ್ಲ.

ಕಚೇರಿ ಅಂಚೆ ಕಚೇರಿಯ ಕಟ್ಟಡದೊಳಗೇ. ಬಾಗಿಲಲ್ಲಿದ್ದವನು ಅರ್ಜಿದಾರರು ಒಬ್ಬರೇ ಒಳಗೆ ಅಂದ. ನಾನು ವಾದಿಸಿದೆ. ಅಷ್ಟರಲ್ಲಿ ಗೋದಾವರಿ, "ನಾ ಕೇಳ್ತೆ ಬಾಯೀ, ನೀ ಇಲ್ಲೇ ನಿಲ್ಲು" ಅಂತ ಒಳಗೆ ಹೋದಳು. ಗಾಜಿನ ಆಚೆ ಅವಳ ಬೆನ್ನು ಕಾಣುತ್ತಿತ್ತು, ಕೌಂಟರಿನ ಹಿಂದೆ ಕನ್ನಡಕದ ಗುಮಾಸ್ತ. ಎದುರಿಗೆ ಹೆಸರಿನ ಹಲಗೆ, ಗಜಾನನ ಹೆಗಡೆ. ಅವರು ಎರಡು ಸಲ ತಲೆಯೆತ್ತಿ ಏನೋ ಕೇಳಿದರು. ಇವಳು ಏನೋ ಹೇಳಿದಳು. ಅವರು ಕಂಪ್ಯೂಟರ್ ನೋಡಿದರು, ಫೈಲು ಹಿಂದೆ ಕೊಟ್ಟರು. ಐದು ನಿಮಿಷವೂ ಆಗಿರಲಿಕ್ಕಿಲ್ಲ.

"ಆಗೂದಿಲ್ಲಂತೆ" ಅಂದಳು ಹೊರಗೆ ಬಂದು. "ತಾರೀಕು ಕೊಡೂದು ಅವರ ಕೈಯಲ್ಲಿಲ್ಲಂತೆ, ಕಂಪ್ಯೂಟರ್ ಕೊಟ್ಟದ್ದೇ ಅಂತೆ. ಯಾರಾದ್ರೂ ಬಿಟ್ಟ ಜಾಗ ಖಾಲಿ ಬಿದ್ರೆ ಕಾಣ್ತದಂತೆ, ದಿನಾ ನೋಡ್ತಾ ಇರಿ ಅಂದ್ರು."

"ಪತ್ರ ನೋಡಿದ್ರಾ?"

ಅವಳು ನನ್ನ ಮುಖ ನೋಡಲಿಲ್ಲ. "ಹೇಳ್ದೆ" ಅಂದಳು.

ನನ್ನ ನೆತ್ತಿಗೆ ಬೆಂಕಿ ಹತ್ತಿತು. ಯಂತ್ರದ ಮೇಲೆ ಉಸಿರಾಡುವ ಹುಡುಗನ ಪತ್ರ ನೋಡಿಯೂ ದಿನಾ ನೋಡ್ತಾ ಇರಿ ಅನ್ನುತ್ತಾನಾ? ಒಳಗೆ ನುಗ್ಗಲು ಹೊರಟೆ. ಗೋದಾವರಿ ನನ್ನ ಕೈ ಹಿಡಿದುಕೊಂಡಳು. ಬುಟ್ಟಿ ಹೊತ್ತ ಕೈ, ಬಿಡಿಸಿಕೊಳ್ಳಲು ಆಗಲಿಲ್ಲ. "ಬೇಡ, ಬಾಯೀ. ಜಗಳ ಬೇಡ. ಒಳ್ಳೆ ಮನಸ್ಸಿಂದ ಹೋಗ್ವ." ಅವತ್ತು ಆ ಕೈಯನ್ನು ಕೊಡವಿ ಒಳಗೆ ಹೋಗಿದ್ದರೆ ಅಂತ ನಾನು ಈಗಲೂ ಅಂದುಕೊಳ್ಳುತ್ತೇನೆ. ಊರಿಗೆಲ್ಲ ಜಗಳಗಂಟಿ, ಬೇಕಾದ ದಿನ ಸಭ್ಯಳಾದೆ.

ಆಮೇಲಿನ ದಿನಗಳಲ್ಲಿ ಹೊತ್ತು ಸಿಕ್ಕಾಗಲೆಲ್ಲ ಕಂಪ್ಯೂಟರ್ ತೆರೆದೆ. ಒಂದು ಸಲ ಇಪ್ಪತ್ತೊಂದನೇ ತಾರೀಕು ಕಾಣಿಸಿತು, ಒತ್ತುವಷ್ಟರಲ್ಲಿ ಯಾರೋ ತೆಗೆದುಕೊಂಡಿದ್ದರು. ಗೋದಾವರಿ ಮೀನು ಮಾರುವುದನ್ನು ಬಿಡಲಿಲ್ಲ. ಬಿಟ್ಟರೆ ಜನ ಕಾರಣ ಕೇಳುತ್ತಾರಲ್ಲ. ಬೊಮ್ಮು "ಆರಾಮಾ?" ಅಂದರೆ "ಆರಾಮ" ಅನ್ನುತ್ತಿದ್ದಳು. ಗಿರಾಕಿಗಳು ತಮ್ಮನ ಸುದ್ದಿ ಕೇಳಿದರೆ "ಆರಾಮ ಇದ್ದಾನೆ" ಅನ್ನುತ್ತಿದ್ದಳು. ನಡುನಡುವೆ ಒಳಗೆ ಬಂದು ನನ್ನ ಹಿಂದೆ ನಿಂತು ಪರದೆ ನೋಡುತ್ತಿದ್ದಳು. "ಖಾಲಿ ಬಿತ್ತನಾ?" "ಇಲ್ಲ." ಬುಟ್ಟಿಯ ಹತ್ತಿರ ವಾಪಸ್ಸು ಹೋಗುತ್ತಿದ್ದಳು.

ಹನ್ನೆರಡನೇ ತಾರೀಕು ಬೆಳಿಗ್ಗೆ ಕಿಶನ ತೀರಿಕೊಂಡ. ಅವನಿಗೆ ಮೂವತ್ತು ವರ್ಷ.

ಹೇಗೆ ಹೇಳಿದೆನೋ ನನಗೆ ನೆನಪಿಲ್ಲ. ಅವಳು ಅಳಲಿಲ್ಲ, ಅದು ನೆನಪಿದೆ. ನಾಲ್ಕು ದಿನ ಬಿಟ್ಟು ಗೋವಾದ ವಿಮಾನ ನಿಲ್ದಾಣಕ್ಕೆ ಹೆಣ ಬಂತು, ಅಲ್ಲಿಂದ ಆಂಬ್ಯುಲೆನ್ಸಿನಲ್ಲಿ ಬೊಬ್ರುವಾಡಕ್ಕೆ. ವಿಮಾನ ಹತ್ತಿಸುತ್ತೇನೆ ಅಂದವನು ತಾನೇ ಹಾಗೆ ಇಳಿದುಬಂದ. ಪೆಟ್ಟಿಗೆ ತೆರೆದಾಗ ಹೆಂಗಸರು ಗೋಳಾಡಿದರು, ನಾನೂ ಅತ್ತೆ, ಮನಸ್ಸು ತುಂಬ ಅತ್ತೆ. ಅವಳು ಅವನ ಹಣೆಯ ಬ್ಯಾಂಡೇಜು ಸರಿಮಾಡಿ ಪಕ್ಕದಲ್ಲೇ ಕೂತಳು.

ನನಗೆ ಯಾರ ಮೇಲಾದರೂ ಸಿಟ್ಟು ಮಾಡಲೇಬೇಕಿತ್ತು. ಗಜಾನನ ಹೆಗಡೆ ಸಿಕ್ಕರು. ಮೇಲಿನ ಅಧಿಕಾರಿಗೆ ಎರಡು ಪುಟದ ದೂರು ಬರೆದೆ. ಪುರಾವೆ ಕೈಯಲ್ಲಿ ಹಿಡಿದು ಬಂದ ಬಡ ಹೆಂಗಸನ್ನು ಹೊರಗೆ ಕಳಿಸಿದ, ದೇವರು ವರ ಕೊಟ್ಟರೂ ಪೂಜಾರಿ ಕೊಡಲಿಲ್ಲ, ಇವನಿಂದಾಗಿ ಅಕ್ಕ ಜೀವವಿದ್ದಾಗ ತಮ್ಮನ ಮುಖ ನೋಡಲಿಲ್ಲ. ಹನ್ನೆರಡನೆಯ ದಿನದ ಕಾರ್ಯ ಮುಗಿದ ಮೇಲೆ ಹೋಗಿ ಅವಳಿಗೆ ಓದಿ ಹೇಳಿದೆ. ಕಣ್ಣು ಮುಚ್ಚಿ ಕೇಳಿದಳು. "ಇದಕ್ಕೆ ಆ ಸಾಹೇಬ್ರ ಕೆಲಸ ಹೋಗ್ತದಾ?" ಅಂತ ಕೇಳಿದಳು. "ಹೋಗ್ಲಿ" ಅಂದೆ.

ಮೂವತ್ತನೇ ತಾರೀಕು ಬೆಳಿಗ್ಗೆ ನಾನು ಬಾಗಿಲು ತೆಗೆಯುವ ಮೊದಲೇ ಅಂಗಡಿಯೆದುರು ನಿಂತಿದ್ದಳು. ಒಗೆದ ಸೀರೆ, ಕೈಯಲ್ಲಿ ಅದೇ ಫೈಲು. "ಇಂದಲ್ಲಾ ತಾರೀಕು? ಬಾ, ಹೋಗ್ವ."

ದುಃಖದಲ್ಲಿ ತಲೆ ಕೆಟ್ಟಿತು ಅಂದುಕೊಂಡೆ. ಆಮೇಲೆ, ಆ ಮನುಷ್ಯನ ಮುಖದ ಮೇಲೆ ನಾಲ್ಕು ಮಾತು ಹೇಳಲು ಹೊರಟಿದ್ದಾಳೆ, ಒಳ್ಳೆಯದೇ ಆಯಿತು ಅನ್ನಿಸಿತು. ದೂರಿನ ಕಾಗದ ಇನ್ನೂ ಅಂಚೆಗೆ ಹಾಕಿರಲಿಲ್ಲ, ಅದನ್ನೂ ತೆಗೆದುಕೊಂಡೆ. ಬಸ್ಸಿನಲ್ಲಿ ಅವಳು ಕಿಟಕಿಯ ಪಕ್ಕ ಕೂತಳು. ಈ ಸಲ ಸಮುದ್ರ ಬಂದಾಗ ನೋಡಿದಳು.

ಬಾಗಿಲಲ್ಲಿ ನನ್ನನ್ನು ಯಾರು ತಡೆದರೋ, ನಾನು ಯಾರನ್ನು ತಳ್ಳಿದೆನೋ. ಕೌಂಟರಿನ ಮುಂದೆ ನಿಂತು ದೊಡ್ಡ ದನಿ ತೆಗೆದೆ. "ಇವರ ಗುರ್ತು ಉಂಟಾ? ಐದನೇ ತಾರೀಕು ಬಂದಿದ್ರು. ತಮ್ಮ ಸಾಯ್ತಾ ಇದ್ದಾನೆ, ತಾರೀಕು ಮುಂಚೆ ಕೊಡಿ ಅಂತ ಕೇಳೂಕೆ. ಸತ್ತ. ನಿಮ್ಮ ಕಂಪ್ಯೂಟರಿಗೆ ಹೇಳಿ, ಹುಡುಗ ಸತ್ತ ಅಂತ!"

ಸಾಲಿನಲ್ಲಿದ್ದವರೆಲ್ಲ ತಿರುಗಿ ನೋಡಿದರು. ಹೆಗಡೆಯವರು ಎದ್ದು ನಿಂತರು. ಅವರಿಗೆ ಗುರುತು ಸಿಕ್ಕಿತ್ತು.

"ಸಾಯ್ತಾ ಇದ್ದಾನೆ ಅಂದ್ರಾ?" ಅಂದರು ಮೆಲ್ಲಗೆ. "ಅಮ್ಮಾ, ತಮ್ಮನನ್ನ ನೋಡೂಕೆ ಹೋಗ್ಬೇಕು ಅಂದ್ರು. ತಮ್ಮನಿಗೆ ಹೇಗಿದೆ ಅಂತ ನಾನೇ ಕೇಳಿದೆ. ಆರಾಮ ಅಂದ್ರು. ಆಸ್ಪತ್ರೆಯದ್ದೋ ಮತ್ತೊಂದೋ ಕಾಗದ ಏನಾದ್ರೂ ಇದ್ಯಾ ಅಂತ ಮತ್ತೆ ಕೇಳಿದೆ. ಇಲ್ಲ, ಆರಾಮ ಇದ್ದಾನೆ ಅಂದ್ರು. ಫೈಲಲ್ಲೂ ಇರಲಿಲ್ಲ."

"ಸುಳ್ಳು! ಎಲ್ಲದರ ಮೇಲೆ ಇಟ್ಟಿದ್ದೆ ನಾನು."

ಗೋದಾವರಿ ಸೆರಗು ಸರಿಸಿ ಸೊಂಟದ ಸಂಚಿ ಬಿಚ್ಚಿದಳು. ಎಲೆ, ಅಡಕೆ, ಚಿಲ್ಲರೆಯ ನಡುವಿನಿಂದ ನಾಲ್ಕು ಮಡಿಕೆ ಮಾಡಿದ ಒಂದು ಕಾಗದ ತೆಗೆದು ಕೌಂಟರಿನ ಮೇಲಿಟ್ಟಳು. ಮಡಿಕೆಯಲ್ಲಿ ಅಕ್ಷರ ಸವೆದಿದ್ದವು. ಮೊಹರು ಕಾಣುತ್ತಿತ್ತು. ಅವತ್ತು ಬಸ್ಸಿನಲ್ಲಿ, ನಾನು ಪಾಠ ಹೇಳುತ್ತಿದ್ದಾಗಲೇ, ಅದನ್ನು ಫೈಲಿನಿಂದ ತೆಗೆದಿದ್ದಳು.

ಹೆಗಡೆಯವರು ಓದಿದರು. ಕನ್ನಡಕ ತೆಗೆದು ಮತ್ತೆ ಹಾಕಿ ಓದಿದರು. ಇಲ್ಲಿಯ ತಾರೀಕು ಬದಲಿಸುವುದು ಅವರ ಕೈಯಲ್ಲಿ ಇರಲಿಲ್ಲ, ಅದು ನಿಜವೇ. ಆದರೆ ಇಂಥ ಕಾಗದ ಇದ್ದವರನ್ನು ಹುಬ್ಬಳ್ಳಿಯ ಪಾಸ್‌ಪೋರ್ಟ್ ಸೇವಾ ಕೇಂದ್ರಕ್ಕೆ ಕಳಿಸುತ್ತಾರಂತೆ. ಜೀವದ ಪ್ರಶ್ನೆ ಇದ್ದರೆ ತಾರೀಕು ಇಲ್ಲದೆಯೂ ಅಲ್ಲಿ ಹೋಗಿ ಕೇಳಬಹುದು, ಒಪ್ಪುವುದು ಬಿಡುವುದು ಅಲ್ಲಿಯ ಅಧಿಕಾರಿಯ ವಿವೇಚನೆ. ಊರಿಗೆಲ್ಲ ಅರ್ಜಿ ತುಂಬುವ ನನಗೇ ಇದು ಗೊತ್ತಿರಲಿಲ್ಲ. "ಇದು ನೋಡಿದ್ರೆ ಅವತ್ತೇ ಹುಬ್ಬಳ್ಳಿ ಬಸ್ಸು ಹತ್ತಿ ಅಂತಿದ್ದೆ ಅಮ್ಮಾ" ಅಂದರು. "ಆಗೇ ಹೋಗ್ತಿತ್ತು ಅಂತ ಹೇಳೂದಿಲ್ಲ. ಆದ್ರೆ ಕಳಿಸ್ತಿದ್ದೆ."

ಐದನೇ ತಾರೀಕಿನಿಂದ ಹನ್ನೆರಡರವರೆಗೆ ಏಳು ದಿನ. ನಾನು ಅಲ್ಲೇ ನಿಂತು ಲೆಕ್ಕ ಹಾಕಿದೆ, ಬೇಡ ಅಂದರೂ ಮನಸ್ಸು ಹಾಕಿತು. ಗೋದಾವರಿಯೂ ಹಾಕಿದಳೋ ಏನೋ.

ಅವಳು ಕೌಂಟರಿನ ಅಂಚನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. "ನಿಮ್ದು ತಪ್ಪಿಲ್ಲ ಸಾಹೇಬ್ರೇ. ಇವಳು ನಿಮ್ಮ ಮೇಲೆ ಅರ್ಜಿ ಬರ್ದಿದ್ದಾಳೆ, ಅದಕ್ಕೇ ಬಂದೆ. ಅಂವ ಸಮುದ್ರದ ಆಚೆ ಇದ್ದ. ನನ್ನ ಬಾಯಲ್ಲಿ ಆ ಮಾತು ಬಂದ್ರೆ ಆಗಿಬಿಡ್ತದೆ ಅಂತ ಹೆದ್ರಿದೆ. ಹೇಳ್ಲಿಲ್ಲ. ಹೇಳದಿದ್ರೂ ಆಯ್ತು."

ನನ್ನ ಕೈಯಲ್ಲಿದ್ದ ಎರಡು ಪುಟದ ದೂರನ್ನು ಅವಳೇ ತೆಗೆದು, ಹರಿದು, ಚೂರುಗಳನ್ನು ಸಂಚಿಗೆ ಹಾಕಿಕೊಂಡಳು. ನಾನು ಬಿಟ್ಟುಕೊಟ್ಟೆ. ಬೈಯಲು ನನಗೆ ಯಾರೂ ಉಳಿದಿರಲಿಲ್ಲ. ಕೇಳಿದ್ದಕ್ಕಷ್ಟೇ ಉತ್ತರ ಕೊಡು, ಹೆಚ್ಚು ಮಾತಾಡಬೇಡ ಅಂತ ಅವಳಿಗೆ ಹೇಳಿಕೊಟ್ಟವಳು ನಾನೇ ಅಲ್ಲವೇ?

ಅಷ್ಟರಲ್ಲಿ ಬಾಗಿಲಲ್ಲಿದ್ದವನು ಪಟ್ಟಿ ನೋಡಿ ಹನ್ನೊಂದೂ ಕಾಲು ಗಂಟೆಯವರನ್ನು ಕೂಗಿದ. ಮೊದಲ ಹೆಸರೇ ಗೋದಾವರಿ ತುಳಸಿದಾಸ ಹರಿಕಂತ್ರ. ಅವಳು ಒಂದು ಗಳಿಗೆ ನನ್ನ ಮುಖ ನೋಡಿದಳು. "ಇನ್ನು ಎಲ್ಲಿಗೆ ಹೋಗೂಕೆ ಬಾಯೀ?" ಅಂದಳು. ಆಸ್ಪತ್ರೆಯ ಕಾಗದವನ್ನು ಹೆಗಡೆಯವರು ಎರಡೂ ಕೈಯಲ್ಲಿ ಹಿಡಿದು ವಾಪಸ್ಸು ಕೊಟ್ಟರು.

ಅಂಕೋಲೆಯಲ್ಲಿ ಬಸ್ಸು ಇಳಿದಾಗ ಮಧ್ಯಾಹ್ನವಾಗಿತ್ತು. ನನ್ನ ಅಂಗಡಿಯೆದುರು ಬೊಮ್ಮು ಸೊಪ್ಪಿನ ಮೇಲೆ ನೀರು ಚಿಮುಕಿಸುತ್ತ ಕೂತಿದ್ದಳು. ಪಕ್ಕದಲ್ಲಿ ಗೋದಾವರಿ ಕೂರುವ ಜಾಗವನ್ನು ಹಾಗೇ ಖಾಲಿ ಇಟ್ಟಿದ್ದಳು. ಬೊಮ್ಮುವಿಗೆ ಎಲ್ಲ ಗೊತ್ತು, ಸಾವಿನ ಮನೆಗೂ ಬಂದು ಹೋಗಿದ್ದಳು. ಆದರೂ ಇಷ್ಟು ವರ್ಷದ ಬಾಯಿಯ ರೂಢಿ. ನೋಡಿದ ಕೂಡಲೇ ಬಂತು.

"ಗೋದಕ್ಕಾ, ಆರಾಮಾ?"

ಕೇಳಿಬಿಟ್ಟು ಬೊಮ್ಮು ನಾಲಗೆ ಕಚ್ಚಿಕೊಂಡಳು. ಗೋದಾವರಿ ರಸ್ತೆಯ ಬದಿಯಲ್ಲೇ ನಿಂತುಬಿಟ್ಟಳು. ಅವಳ ತುಟಿ ಆ ಮಾತಿಗೆ ತೆರೆದುಕೊಂಡದ್ದನ್ನು ನಾನು ನೋಡಿದೆ.

"ಇಲ್ವೇ ಬೊಮ್ಮು" ಅಂದಳು. "ಆರಾಮ ಇಲ್ಲ."

ಆಮೇಲೆ ತನ್ನ ಜಾಗದಲ್ಲಿ ಕುಸಿದು ಕೂತು, ಬಸ್ ಸ್ಟ್ಯಾಂಡಿನ ಜನವೆಲ್ಲ ನೋಡುತ್ತಿರುವಾಗ, ತಮ್ಮನ ಹೆಸರು ಹಿಡಿದು ಅಳಲು ಶುರುಮಾಡಿದಳು.